ಸಂಚಕಾರದ ಆರು ಲಕ್ಷ ಮತ್ತು ಗಡುವಿನ ದಿನದ ಡಿ.ಡಿ.

"ಕೊಟ್ಟ ಆರು ಲಕ್ಷ ಬಡ್ಡಿ ಸಮೇತ ವಾಪಸ್ ಬಂದರೆ ಅದೇ ದೊಡ್ಡದು, ಕ್ರಯಪತ್ರದ ಆಸೆ ಬಿಡಿ" ಎಂದು ನಿವೇಶನ ಖರೀದಿಯ ದಾವೆಯೊಂದರ ಬಗ್ಗೆ ನಮ್ಮ ವಕೀಲರ ಸಂಘದಲ್ಲಿ ಹಿರಿಯರೊಬ್ಬರು ಹೇಳಿದ್ದರು. ಕಳೆದ ತಿಂಗಳು ಅದೇ ನಿವೇಶನ ನನ್ನ ಕಕ್ಷಿದಾರರಾದ ಶಿಕ್ಷಕಿಯ ಹೆಸರಿಗೆ ನೋಂದಣಿಯಾಯಿತು. ಹೇಗೆ ಆಯಿತು ಎಂದು ಕೇಳುವವರು ಹೆಚ್ಚಾದ್ದರಿಂದ ಬರೆಯುತ್ತಿದ್ದೇನೆ.

ಮೊದಲು ನಾನು ಸೋತ ದಾವೆಯ ಮಾತು. ಸುಮಾರು ಹತ್ತು ವರ್ಷದ ಹಿಂದೆ ಇಂಥದ್ದೇ ಕ್ರಯದ ಕರಾರು, ನಾಲ್ಕು ಲಕ್ಷ ಸಂಚಕಾರ, ಅಂದರೆ ಮುಂಗಡ. ಖರೀದಿದಾರರು ಪಾಟೀ ಸವಾಲಿನಲ್ಲಿ "ಬಾಕಿ ಹಣ ಅಣ್ಣ ಕೊಡುತ್ತಿದ್ದ" ಎಂದುಬಿಟ್ಟರು. ಅಣ್ಣನನ್ನು ಸಾಕ್ಷಿಯಾಗಿ ಕರೆಸಿರಲಿಲ್ಲ, ಪಾಸ್ ಪುಸ್ತಕದಲ್ಲಿ ನಲವತ್ತು ಸಾವಿರವೂ ಇರಲಿಲ್ಲ. ಹಣ ಸಿದ್ಧವಿತ್ತು, ಮನಸ್ಸೂ ಇತ್ತು ಎಂದು ತೋರಿಸಲಾಗದೆ ದಾವೆ ವಜಾ ಆಯಿತು. ಅದಕ್ಕಿಂತ ದೊಡ್ಡ ತಪ್ಪು ನನ್ನದು: ಕ್ರಯಪತ್ರ ಕೊಡಿಸಲಾಗದಿದ್ದರೆ ಸಂಚಕಾರವನ್ನಾದರೂ ಹಿಂದಿರುಗಿಸಬೇಕು ಎಂಬ ಪರ್ಯಾಯ ಬೇಡಿಕೆಯನ್ನು ವಾದಪತ್ರದಲ್ಲಿ ಬರೆದಿರಲಿಲ್ಲ. ನಿರ್ದಿಷ್ಟ ಪರಿಹಾರ ಅಧಿನಿಯಮದ 22ನೇ ಕಲಂ ಪ್ರಕಾರ ಕೇಳದಿದ್ದರೆ ನ್ಯಾಯಾಲಯ ಕೊಡುವಂತಿಲ್ಲ. ವಾದಪತ್ರ ತಿದ್ದಲು ಯಾವ ಹಂತದಲ್ಲೂ ಅವಕಾಶವಿದೆ, ಆದರೆ ಅಷ್ಟರಲ್ಲಿ ಆ ಖರೀದಿದಾರರು ದಣಿದಿದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೆ.ಆರ್. ಸುರೇಶ್ ಪ್ರಕರಣದಲ್ಲಿ ಇಪ್ಪತ್ತು ಲಕ್ಷ ಮುಂಗಡ ಮುಟ್ಟುಗೋಲಾದದ್ದನ್ನು ಎತ್ತಿಹಿಡಿದಾಗ ಅಲ್ಲಿಯೂ ಈ ಬೇಡಿಕೆ ಇರಲಿಲ್ಲ. ಆ ತೀರ್ಪು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈ ಶಿಕ್ಷಕಿಯ ಕರಾರು ಮೂವತ್ತೆಂಟು ಲಕ್ಷದ್ದು. ಆರು ಲಕ್ಷ ಸಂಚಕಾರ, ಮೂರು ತಿಂಗಳ ಗಡುವು. ನಿವೇಶನ ಮಾರಾಟಗಾರರ ತಂದೆಯ ಕಾಲದ್ದು, ತಂಗಿಗೂ ಪಾಲಿದೆ. ಆಕೆಯಿಂದ ಸಹಿ ಹಾಕಿಸುವ ಹೊಣೆ ಮಾರಾಟಗಾರರದ್ದು ಎಂದು ಕರಾರಿನಲ್ಲೇ ಇತ್ತು. ಎರಡು ತಿಂಗಳಾದರೂ ತಂಗಿಯ ಸುದ್ದಿಯಿಲ್ಲ. ಅಷ್ಟರಲ್ಲಿ ಬಡಾವಣೆಯ ಬೆಲೆ ಏರಿತ್ತು. "ಗಡುವಿನೊಳಗೆ ಬಾಕಿ ಕೊಡದಿದ್ದರೆ ಸಂಚಕಾರ ಮುಟ್ಟುಗೋಲು" ಎಂದು ಮಾರಾಟಗಾರರ ಕಡೆಯಿಂದಲೇ ನೋಟಿಸ್ ಬಂತು. ಮುಟ್ಟುಗೋಲು ಹಾಕಲು ಖರೀದಿದಾರರು ತಪ್ಪಿರಬೇಕು. ಆ ತಪ್ಪನ್ನು ನಮ್ಮ ತಲೆಗೆ ಕಟ್ಟುವ ಹುನ್ನಾರ ಅದಾಗಿತ್ತು.

ಉತ್ತರವನ್ನು ನೋಂದಾಯಿತ ಅಂಚೆಯಲ್ಲಿ, ಗಡುವಿಗೆ ಹದಿನೈದು ದಿನ ಮೊದಲೇ ಕಳುಹಿಸಿದೆ: ಇಂಥ ದಿನ ಬೆಳಿಗ್ಗೆ ಹನ್ನೊಂದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ತಂಗಿಯನ್ನು ಕರೆದುಕೊಂಡು ಬನ್ನಿ, ಹಣ ಸಿದ್ಧವಿದೆ. ಆ ದಿನ ಶಿಕ್ಷಕಿ ಹದಿನಾಲ್ಕು ಲಕ್ಷದ ಡಿ.ಡಿ.ಯನ್ನು ಮಾರಾಟಗಾರರ ಹೆಸರಿಗೇ ತೆಗೆಸಿ ತಂದಿದ್ದರು. ಉಳಿದ ಹದಿನೆಂಟು ಲಕ್ಷಕ್ಕೆ ಬ್ಯಾಂಕಿನ ಸಾಲ ಮಂಜೂರಾತಿ ಪತ್ರವಿತ್ತು. ಕ್ರಯಪತ್ರದ ಕರಡೂ ಕೈಯಲ್ಲಿತ್ತು. ಸಂಜೆಯವರೆಗೆ ಬೆಂಚಿನ ಮೇಲೆ ಕಾದೆವು, ಯಾರೂ ಬರಲಿಲ್ಲ. ಹೊರಡುವ ಮುನ್ನ, ನಾವು ಬಂದಿದ್ದೆವು, ಅವರು ಬರಲಿಲ್ಲ ಎಂದು ಒಂದು ಅರ್ಜಿ ಬರೆದುಕೊಟ್ಟು ಕಚೇರಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ಆ ಒಂದು ಹಾಳೆಯೇ ಇಡೀ ದಾವೆಯ ಬೆನ್ನೆಲುಬು. ಡಿ.ಡಿ. ರದ್ದುಮಾಡಿಸಿದಾಗ ಕಮಿಷನ್ ಎಂದು ಕೆಲವು ಸಾವಿರ ಹೋಯಿತು. ಅದಕ್ಕೆ ಕೊರಗಬಾರದು.

ಬಾಕಿ ಹಣವನ್ನು ದಾವೆಯ ಜೊತೆಗೇ ನ್ಯಾಯಾಲಯದಲ್ಲಿ ಇಡುವ ಪ್ರಯೋಗವನ್ನೂ ಹಿಂದೊಮ್ಮೆ ಮಾಡಿದ್ದೇನೆ. ನ್ಯಾಯಾಲಯ ಆದೇಶಿಸದ ಹೊರತು ಅದು ಕಡ್ಡಾಯವಲ್ಲ. ಆ ಕಕ್ಷಿದಾರರ ಹಣ ಎರಡು ವರ್ಷ ಅಲ್ಲೇ ಸಿಕ್ಕಿಕೊಂಡಿತು, ಇತ್ತ ಅವರು ಸಾಲಕ್ಕೆ ಬಡ್ಡಿ ಕಟ್ಟುತ್ತಿದ್ದರು. ಹಾಗಾಗಿ ಈ ಬಾರಿ ಡಿ.ಡಿ. ಹಣ ಶಿಕ್ಷಕಿಯ ಹೆಸರಿನಲ್ಲೇ ಠೇವಣಿಯಾಗಿ ಉಳಿಯಿತು. ಪ್ರತಿ ವರ್ಷ ಅದರ ರಶೀದಿಯ ಪ್ರತಿ ಕಡತಕ್ಕೆ ಸೇರಿತು. ಸಿದ್ಧತೆ ಗಡುವಿನ ದಿನಕ್ಕೆ ಮುಗಿಯುವುದಿಲ್ಲ, ದಾವೆ ತೀರುವವರೆಗೂ ಬೇಕು.

ಎರಡೇ ತಿಂಗಳಲ್ಲಿ ದಾವೆ ಹೂಡಿದೆವು. ಮಿತಿ ಅವಧಿ ಗಡುವಿನಿಂದ ಮೂರು ವರ್ಷ ಇದ್ದರೂ ತಡಮಾಡಿದವರ ಮನಸ್ಸಿನ ಬಗ್ಗೆ ಸಂಶಯ ಹುಟ್ಟುತ್ತದೆ. ನ್ಯಾಯಾಲಯ ಶುಲ್ಕ ಪೂರ್ತಿ ಬೆಲೆಯ ಮೇಲೆ, ಲಕ್ಷ ದಾಟಿತು. ಪರ್ಯಾಯವಾಗಿ ಬಡ್ಡಿ ಸಮೇತ ಸಂಚಕಾರ, ಅದಕ್ಕೆ ನಿವೇಶನದ ಮೇಲೆ ಋಣಭಾರ, ಎರಡನ್ನೂ ಕೇಳಿದ್ದೆ.

ಪಾಟೀ ಸವಾಲಿನಲ್ಲಿ ಮಾರಾಟಗಾರರು ಗಡುವಿನ ದಿನ ಊರಿನಲ್ಲೇ ಇದ್ದುದಾಗಿ ಒಪ್ಪಿಕೊಂಡರು. ಯಾವ ಪ್ರಶ್ನೆಯಿಂದ ಒಪ್ಪಿಸಿದೆ ಎಂಬುದನ್ನು ಬರೆಯುವುದಿಲ್ಲ, ಇನ್ನೂ ಎರಡು ದಾವೆಗಳಲ್ಲಿ ಅದು ಬೇಕು. ಮುಂದಿನ ವಾರವೇ ರಾಜಿಯ ಮಾತು ಬಂತು. ಹಳೆಯ ಬೆಲೆಗೇ ಲೋಕ ಅದಾಲತ್‌ನಲ್ಲಿ ಇತ್ಯರ್ಥವಾಗಿ ನ್ಯಾಯಾಲಯ ಶುಲ್ಕವೂ ಪೂರ್ತಿ ವಾಪಸಾಯಿತು. ನೋಂದಣಿಯ ದಿನ ತಂಗಿಯೇ ಮೊದಲು ಬಂದು ಅದೇ ಬೆಂಚಿನ ಮೇಲೆ ಕುಳಿತಿದ್ದರು. ತಮ್ಮ ಸಹಿ ಬೇಕು ಎಂದು ಅಣ್ಣ ಅಲ್ಲಿಯವರೆಗೆ ಒಮ್ಮೆಯೂ ಕೇಳಿರಲಿಲ್ಲ ಎಂದರು.