ಫುಲ್ ಅಂಡ್ ಫೈನಲ್‌ಗೆ ಸಹಿ ಹಾಕಿದ ಮೇಲೂ ಗ್ರಾಚ್ಯುಟಿ ಕೇಳಬಹುದು

ಕೆಲಸ ಬಿಡುವಾಗ "ನನಗೆ ಇನ್ನೇನೂ ಬರಬೇಕಾಗಿಲ್ಲ" ಅನ್ನೋ ಕಾಗದಕ್ಕೆ ಸಹಿ ಹಾಕಿದ್ದರೂ, ಕಾನೂನು ಕೊಡಿಸುವ ಗ್ರಾಚ್ಯುಟಿಯನ್ನು ಆಮೇಲೆ ಕೇಳಬಹುದು. ನೌಕರ ಒಪ್ಪಂದ ಮಾಡಿಕೊಂಡು ಬಿಟ್ಟುಕೊಡುವಂಥ ಹಣವಲ್ಲ ಅದು. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಅದಕ್ಕಿಂತ ಕಾನೂನೇ ಮೇಲು. ಹಾಗಾಗಿ ಮೊದಲು ಲೆಕ್ಕ ಹಾಕಿ ನೋಡಿ. ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎ ಸೇರಿ 26,000 ರೂಪಾಯಿ, ಸೇವೆ 6 ವರ್ಷ ಅಂದುಕೊಳ್ಳಿ. ತಿಂಗಳಿಗೆ 26 ದಿನ ಅಂತ ಹಿಡಿದು ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ 26,000 × 15 ÷ 26 × 6, ಅಂದರೆ 90,000 ರೂಪಾಯಿ. ಸೆಟಲ್‌ಮೆಂಟ್ ಹಾಳೆಯಲ್ಲಿ ಗ್ರಾಚ್ಯುಟಿ ಸಾಲು ಖಾಲಿ ಇದ್ದರೆ ಅಥವಾ ಮೊತ್ತ ಕಡಿಮೆ ಇದ್ದರೆ ಎಚ್‌ಆರ್‌ಗೆ ಇಮೇಲ್ ಹಾಕಿ, ಉತ್ತರ ಬರದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಿ. ಇನ್ನೂ ಸಹಿ ಹಾಕಿಲ್ಲ ಅಂದ್ರೆ ಸಹಿ ಹಾಕುವ ಜಾಗದ ಮೇಲ್ಗಡೆಯೇ "ಗ್ರಾಚ್ಯುಟಿ ಬಾಕಿ ಇದೆ, ತಕರಾರಿನೊಂದಿಗೆ ಪಡೆದಿದ್ದೇನೆ" ಎಂದು ಕೈಯಲ್ಲಿ ಬರೆದು ಫೋಟೋ ತೆಗೆದಿಟ್ಟುಕೊಳ್ಳಿ. ಆದರೆ ಎಲ್ಲದಕ್ಕೂ ಇದು ನಡೆಯೋದಿಲ್ಲ. ಕಂಪನಿ ತಾನಾಗಿ ಕೊಡುವ ಇನ್ಸೆಂಟಿವ್, ನೋಟಿಸ್ ಅವಧಿಯ ಹೊಂದಾಣಿಕೆ ಇಂಥವನ್ನು ಒಪ್ಪಿ ಸಹಿ ಹಾಕಿದ್ದರೆ ಕೋರ್ಟು ಸಾಮಾನ್ಯವಾಗಿ ಅದನ್ನು ಮುಗಿದ ಮಾತು ಅಂತಲೇ ನೋಡುತ್ತದೆ. ವಿಆರ್‌ಎಸ್‌ನಲ್ಲಿ ಹೆಚ್ಚುವರಿ ಹಣ ತೆಗೆದುಕೊಂಡವರಿಗಂತೂ ಇನ್ನೂ ಕಷ್ಟ. ಬಲವಂತದಿಂದ ಸಹಿ ಮಾಡಿಸಿದರು ಅನ್ನೋದಾದರೆ ಸುಮ್ನೆ ಬಾಯಲ್ಲಿ ಹೇಳಿದರೆ ಸಾಲದು. "ಸಹಿ ಹಾಕದಿದ್ದರೆ ರಿಲೀವಿಂಗ್ ಲೆಟರ್ ಕೊಡಲ್ಲ" ಅನ್ನೋ ಮೆಸೇಜು, ಅದಾದ ಎರಡು ಮೂರು ದಿನದಲ್ಲೇ ನೀವು ಕಳಿಸಿದ ಆಕ್ಷೇಪದ ಇಮೇಲ್, ಇಂಥವು ಬೇಕು. ಹಣ ತಗೊಂಡು ಎರಡು ವರ್ಷ ಸುಮ್ಮನಿದ್ದು ಆಮೇಲೆ ಬಲವಂತ ಅಂದರೆ ಯಾರೂ ನಂಬಲ್ಲ, ಅಲ್ವಾ?