ಬಿಟ್‌ಕಾಯಿನ್‌ಗೂ ಮೂರು ಪಾಳಿ: ಯಾವ ಹೊತ್ತಿನ ವಹಿವಾಟನ್ನು ಹೇಗೆ ಅಳೆಯುವುದು?

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರಿಗೆ ದೂರದೇಶದ ಗಡಿಯಾರ ಹೊಸದಲ್ಲ. ರೊಬಸ್ಟಾ ರೇಟು ಲಂಡನ್ನಿನ ಕಡೆ ನೋಡುತ್ತದೆ, ಅರೇಬಿಕಾ ರೇಟು ನ್ಯೂಯಾರ್ಕಿನ ಕಡೆ. ಕಣದಲ್ಲಿ ಒಣಗುತ್ತಿರುವ ಚೆರಿಗೆ ನಾಳೆ ವ್ಯಾಪಾರಿ ಎಷ್ಟು ಹೇಳಿಯಾನು ಎಂದು ನಮ್ಮ ಭಾವ ರಾತ್ರಿ ಊಟದ ಹೊತ್ತಿಗೇ ಮೊಬೈಲಿನಲ್ಲಿ ಆ ಪೇಟೆಗಳ ಟರ್ಮಿನಲ್ ರೇಟು ನೋಡಿ ಅಂದಾಜು ಕಟ್ಟುತ್ತಾರೆ. ಅವರು ಒಂದಿಷ್ಟು ಬಿಟ್‌ಕಾಯಿನ್ ಕೊಂಡ ಮೇಲೆ ನನಗೆ ಫೋನ್ ಮಾಡಿ ಕೇಳಿದ್ದು ಇಷ್ಟು: "ಕಾಫಿಗಾದ್ರೆ ಬಾಗಿಲು ಹಾಕೋ ಹೊತ್ತು ಅಂತ ಒಂದಿದೆ. ಇದು ರಾತ್ರಿ ಹಗಲು ತೆರೆದೇ ಇರುತ್ತಲ್ಲ ಮಾರಾಯ, ಯಾವಾಗ ನೋಡೋದು?"

ಬಾಗಿಲು ತೆರೆದೇ ಇರುತ್ತದೆ, ನಿಜ. ಅಂಗಡಿಯಲ್ಲಿ ಕೂರುವವರು ಮಾತ್ರ ಬದಲಾಗುತ್ತಾರೆ. ಏಷ್ಯಾದವರು ಏಳುವಾಗ ಅಮೆರಿಕದವರು ಮಲಗಲು ಹೊರಟಿರುತ್ತಾರೆ. ಆಯಾ ಪಾಳಿಯಲ್ಲಿ ಎಚ್ಚರ ಇರುವವರ ಹಣ ಎಷ್ಟೋ, ವಹಿವಾಟಿನ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ.

ಮೊದಲು ಗಡಿಯಾರ ಬರೆದುಕೊಳ್ಳಿ

ಕ್ರಿಪ್ಟೊ ಚಾರ್ಟಿನ ದಿನ ಮಗುಚುವುದು ನಮ್ಮ ಬೆಳಗಿನ 5.30ಕ್ಕೆ. ಟೋಕಿಯೊ ಷೇರುಪೇಟೆ ತೆರೆಯುವುದೂ ಅದೇ ಹೊತ್ತಿಗೆ. ಹಾಂಗ್‌ಕಾಂಗ್ 7 ಗಂಟೆಗೆ. ಲಂಡನ್ ಪೇಟೆ ಬೇಸಿಗೆಯಲ್ಲಿ ಮಧ್ಯಾಹ್ನ 12.30ಕ್ಕೆ, ಚಳಿಗಾಲದಲ್ಲಿ 1.30ಕ್ಕೆ ತೆರೆಯುತ್ತದೆ. ನ್ಯೂಯಾರ್ಕ್ ಬೇಸಿಗೆಯಲ್ಲಿ ಸಂಜೆ 7ಕ್ಕೆ, ಚಳಿಗಾಲದಲ್ಲಿ ರಾತ್ರಿ 8ಕ್ಕೆ.

ಈ ಒಂದು ಗಂಟೆಯ ವ್ಯತ್ಯಾಸದಲ್ಲೇ ನಾನು ಎಡವಿದ್ದು. ಅಮೆರಿಕದವರು ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದಿಡುತ್ತಾರೆ, ಯುರೋಪಿನವರು ಅದೇ ತಿಂಗಳ ಕೊನೆಯ ಭಾನುವಾರ. ನಾವು ಗಡಿಯಾರ ಮುಟ್ಟುವುದೇ ಇಲ್ಲ. ಅಂಥದೊಂದು ಮಾರ್ಚ್‌ನಲ್ಲಿ ಕಾಫಿ ಲೋಟ ಹಿಡಿದು ರಾತ್ರಿ 8 ಗಂಟೆಗೆ ಚಾರ್ಟ್ ತೆರೆದರೆ, ಅಂದಿನ ದೊಡ್ಡ ಏರಿಳಿತವೆಲ್ಲ ಒಂದು ಗಂಟೆ ಹಿಂದೆಯೇ ಮುಗಿದಿತ್ತು. ಹಾಗಾಗಿ ಮಾರ್ಚ್‌ನಲ್ಲಿ ಎರಡು ಮೂರು ವಾರ, ಅಕ್ಟೋಬರ್ ಕೊನೆಯಲ್ಲಿ ಒಂದು ವಾರ, ಎರಡೂ ಪೇಟೆಗಳ ಸಮಯವನ್ನು ಬೇರೆ ಬೇರೆಯಾಗಿ ನೋಡಿಕೊಳ್ಳಬೇಕು.

ಅರ್ಧ ಗಂಟೆಯ ಕ್ಯಾಂಡಲ್ ಏಕೆ?

ಚಾರ್ಟಿನಲ್ಲಿ BTCUSDT ಜೋಡಿಯನ್ನು, ಅಂದರೆ ಡಾಲರಿಗೆ ಸರಿಸಮವಾಗಿ ಇಡುವ USDT ನಾಣ್ಯದಲ್ಲಿ ಬಿಟ್‌ಕಾಯಿನ್ ಬೆಲೆ ತೋರಿಸುವುದನ್ನು ತೆರೆದು ಸಮಯವಲಯವನ್ನು ಭಾರತದ್ದಕ್ಕೆ ಬದಲಿಸಿ. ರೂಪಾಯಿ ಜೋಡಿ ಬೇಡ, ಅದರ ವಹಿವಾಟು ಚಿಕ್ಕದು, ಅದನ್ನು ನೋಡಿ ಲೋಕದ ಪಾಳಿ ಗೊತ್ತಾಗುವುದಿಲ್ಲ. ಕ್ಯಾಂಡಲ್ ಎಂದರೆ ಇಂತಿಷ್ಟು ಹೊತ್ತಿನ ಬೆಲೆಯ ಏರಿಳಿತವನ್ನು ತೋರಿಸುವ ಒಂದು ಕಡ್ಡಿ, ಅದರ ಅಡಿಯ ಕಂಬ ಆ ಹೊತ್ತಿನ ವಹಿವಾಟಿನ ಗಾತ್ರ. ಹೆಚ್ಚಿನವರು ಇಲ್ಲಿ ಒಂದು ಗಂಟೆಯ ಕ್ಯಾಂಡಲ್ ಇಟ್ಟುಕೊಳ್ಳುತ್ತಾರೆ. ನಮಗೆ ಅದು ಹೊಂದುವುದಿಲ್ಲ. ನಮ್ಮ ಸಮಯ ಅರ್ಧ ಗಂಟೆಯ ಲೆಕ್ಕದಲ್ಲಿರುವುದರಿಂದ ಆ ಕ್ಯಾಂಡಲ್ ಸಂಜೆ 6.30ಕ್ಕೆ ಶುರುವಾಗಿ 7.30ಕ್ಕೆ ಮುಗಿಯುತ್ತದೆ, ನ್ಯೂಯಾರ್ಕ್ ತೆರೆಯುವ 7 ಗಂಟೆ ಸರಿಯಾಗಿ ಅದರ ನಡುವೆ ಬೀಳುತ್ತದೆ. ತೆರೆಯುವ ಮೊದಲಿನ ನೀರಸ ಅರ್ಧ ಗಂಟೆ, ತೆರೆದ ಮೇಲಿನ ಗದ್ದಲದ ಅರ್ಧ ಗಂಟೆ ಎರಡೂ ಕಲಸಿಹೋಗುತ್ತವೆ. 30 ನಿಮಿಷದ್ದನ್ನು ಇಟ್ಟುಕೊಂಡರೆ ಎರಡೂ ಬಿಡಿಬಿಡಿಯಾಗಿ ಕಾಣುತ್ತವೆ.

ಗಾತ್ರ ಅಳೆಯುವ ಸರಿಯಾದ ಕ್ರಮ

ಇಡೀ ಲೇಖನದಲ್ಲಿ ಮುಖ್ಯವಾದ ಮಾತು ಇದೇ. ಸಂಜೆಯ ವಹಿವಾಟನ್ನು ಬೆಳಗಿನದರ ಜೊತೆ ಹೋಲಿಸಬೇಡಿ. ಇವತ್ತಿನ 7 ಗಂಟೆಯನ್ನು ಹಿಂದಿನ 20 ದಿನಗಳ 7 ಗಂಟೆಯ ಜೊತೆ ಮಾತ್ರ ಹೋಲಿಸಿ.

ಅರ್ಥವಾಗಲಿ ಎಂದು ಕೈಗೆ ಬಂದ ಅಂಕಿ ಹಾಕುತ್ತೇನೆ. ಸಂಜೆ 7ರಿಂದ 7.30ರ ಕ್ಯಾಂಡಲಿನ 20 ದಿನದ ಸರಾಸರಿ ವಹಿವಾಟು 1,200 ಬಿಟ್‌ಕಾಯಿನ್ ಎನ್ನಿ. ಇವತ್ತು 1,320 ಬಂತು. ಮಧ್ಯಾಹ್ನದ 400ರ ಪಕ್ಕದಲ್ಲಿ ಈ ಕಂಬ ಆಕಾಶಕ್ಕೆ ಏರಿದಂತೆ ಕಾಣುತ್ತದೆ, "ದೊಡ್ಡವರು ಬಂದರು" ಎಂದು ಗುಂಪಿನಲ್ಲಿ ಸಂದೇಶವೂ ಬರುತ್ತದೆ. ಭಾಗಿಸಿ ನೋಡಿದರೆ 1.1 ಪಟ್ಟು. ಏನೂ ಆಗಿಲ್ಲ, ಅಂಗಡಿ ತೆರೆದಿದೆ, ಅಷ್ಟೇ. ಅದೇ ದಿನ ಬೆಳಗ್ಗೆ 10 ಗಂಟೆಗೆ ಸರಾಸರಿ 300 ಇದ್ದ ಕಡೆ 900 ಬಂದಿತ್ತು ಎನ್ನಿ. ಕಂಬ ಗಿಡ್ಡ, ಆದರೆ 3 ಪಟ್ಟು. ಸುದ್ದಿ ಇರುವುದು ಅಲ್ಲಿ.

ಅಮೆರಿಕದ ಪಾಳಿಗೆ ಇಷ್ಟು ತೂಕ ಬಂದದ್ದಕ್ಕೆ ಕಾರಣ ಇದೆ. ಬಿಟ್‌ಕಾಯಿನ್‌ನ ಸ್ಪಾಟ್ ಇಟಿಎಫ್‌ಗಳು, ಅಂದರೆ ಬಿಟ್‌ಕಾಯಿನ್ ಅನ್ನೇ ಕೊಂಡಿಟ್ಟುಕೊಂಡು ಷೇರಿನಂತೆ ಕೈಬದಲಾಗುವ ನಿಧಿಗಳು, 2024ರ ಜನವರಿ 11ರಂದು ಅಲ್ಲಿನ ಷೇರುಪೇಟೆಯಲ್ಲಿ ವಹಿವಾಟು ಶುರುಮಾಡಿದವು. ಅವುಗಳ ಮೂಲಕ ಬರುವ ಹಣ ಮುಖ್ಯವಾಗಿ ಆ ಪೇಟೆ ತೆರೆದ ಹೊತ್ತಿನಲ್ಲೇ ಬರುತ್ತದೆ. ಅಲ್ಲಿನ ಹಣದುಬ್ಬರದ ಅಂಕಿ ಬೇಸಿಗೆಯಲ್ಲಿ ನಮ್ಮ ಸಂಜೆ 6ಕ್ಕೆ ಬೀಳುತ್ತದೆ, ಬಡ್ಡಿದರದ ತೀರ್ಮಾನ ರಾತ್ರಿ 11.30ಕ್ಕೆ. ಶನಿವಾರ, ಭಾನುವಾರ ಇದ್ಯಾವುದೂ ಇಲ್ಲ. ಆ ಎರಡು ದಿನದ ಸರಾಸರಿಯನ್ನು ವಾರದ ದಿನಗಳ ಜೊತೆ ಸೇರಿಸಿದರೆ ಸೋಮವಾರ ಪ್ರತಿಸಲವೂ ಗದ್ದಲದ ದಿನವಾಗಿಯೇ ಕಾಣುತ್ತದೆ.

ದಿಕ್ಕು ನೋಡುವುದು

ಬೆಳಗ್ಗೆ 5.30ರಿಂದ ಲಂಡನ್ ತೆರೆಯುವವರೆಗಿನ ಅತಿ ಹೆಚ್ಚು, ಅತಿ ಕಡಿಮೆ ಬೆಲೆಗೆ ಎರಡು ಅಡ್ಡಗೆರೆ ಎಳೆಯಿರಿ. ಏಷ್ಯಾದ ಪಾಳಿ ಸಾಮಾನ್ಯವಾಗಿ ಇಂಥದೊಂದು ಬೇಲಿ ಹಾಕಿಟ್ಟು ಹೋಗುತ್ತದೆ. ಯುರೋಪಿನವರು ಬಂದ ಮೇಲೆ ಬೆಲೆ ಒಂದು ಬದಿಯ ಬೇಲಿ ಹಾರುವುದುಂಟು, ಹಾರಿ ಒಳಗೆ ವಾಪಸಾಗುವುದೂ ಉಂಟು. ನಾನು ನೋಡುವುದು ಎರಡು: ಬೇಲಿ ದಾಟಿದ ಅರ್ಧ ಗಂಟೆಯ ಗಾತ್ರ ತನ್ನದೇ ಸರಾಸರಿಯ ಎಷ್ಟು ಪಟ್ಟು, ಮತ್ತು ನ್ಯೂಯಾರ್ಕ್ ತೆರೆದು ಒಂದು ಗಂಟೆ ಕಳೆದ ಮೇಲೂ ಬೆಲೆ ಹೊರಗೇ ಇದೆಯೇ. ಗಾತ್ರ ಸರಾಸರಿಯ 1 ಪಟ್ಟಿನ ಆಸುಪಾಸಿನಲ್ಲೇ ಇದ್ದರೆ ಆ ಹಾರಾಟವನ್ನು ನಾನು ನಂಬುವುದಿಲ್ಲ.

"ಏಷ್ಯಾ ಮಾರುತ್ತೆ, ಅಮೆರಿಕ ಕೊಳ್ಳುತ್ತೆ" ಎಂಬ ಸೂತ್ರ ಆಗಾಗ ಓಡಾಡುತ್ತದೆ. ಕೆಲವು ತಿಂಗಳು ಸರಿಯಾಗಿಯೂ ಕಾಣುತ್ತದೆ, ಆಮೇಲೆ ಸದ್ದಿಲ್ಲದೆ ತಲೆಕೆಳಗಾಗುತ್ತದೆ. ಗಾತ್ರದ ಗಡಿಯಾರ ನಂಬಬಹುದಾದಷ್ಟು ದಿಕ್ಕಿನ ಗಡಿಯಾರವನ್ನು ನಂಬಲಾಗದು.

2024ರ ಆಗಸ್ಟ್ 5 ನೋಡಿ. ಜಪಾನಿನ ಕೇಂದ್ರ ಬ್ಯಾಂಕ್ ಜುಲೈ 31ರಂದು ಬಡ್ಡಿ ಏರಿಸಿತ್ತು. ಅಗ್ಗದ ಯೆನ್ ಸಾಲದಲ್ಲಿ ಆಟ ಕಟ್ಟಿದವರು ಸಾಲ ತೀರಿಸಲು ಕೈಯಲ್ಲಿದ್ದದ್ದನ್ನೆಲ್ಲ ಮಾರತೊಡಗಿದರು. ಅಮೆರಿಕದಿಂದ ಬಂದ ಉದ್ಯೋಗದ ಅಂಕಿ ಸಪ್ಪೆಯಾಗಿದ್ದದ್ದು ಆ ಭಯಕ್ಕೆ ಇನ್ನಷ್ಟು ತುಪ್ಪ ಸುರಿಯಿತು. ಆ ಸೋಮವಾರ ಟೋಕಿಯೊದ ನಿಕ್ಕೆ ಸೂಚ್ಯಂಕ ಶೇ 12.4ರಷ್ಟು ಕುಸಿಯಿತು. "ಮಂದ" ಎನ್ನಿಸಿಕೊಂಡ ಅದೇ ಏಷ್ಯಾ ಪಾಳಿಯಲ್ಲಿ ಬಿಟ್‌ಕಾಯಿನ್ 50,000 ಡಾಲರ್‌ಗಿಂತ ಕೆಳಗಿಳಿಯಿತು. ರಾತ್ರಿ ಅಮೆರಿಕದ ಪಾಳಿಯ ಹೊತ್ತಿಗೆ ಬೆಲೆ ಮತ್ತೆ 50,000 ಡಾಲರ್‌ಗಿಂತ ಮೇಲಿತ್ತು. ಗೆರೆ ಎಳೆದು ಸಂಜೆಗಾಗಿ ಕಾಯುತ್ತಿದ್ದವರಿಗೆ ಅಂದು ಬೇಲಿಯೇ ಉಳಿದಿರಲಿಲ್ಲ. ಆದರೆ ಆ ಹೊತ್ತಿನ ಸರಾಸರಿಯ ಜೊತೆ ಭಾಗಿಸಿ ನೋಡುವ ಅಭ್ಯಾಸ ಇದ್ದವರಿಗೆ, ಇದು ಎಂದಿನ ಬೆಳಗಲ್ಲ ಎಂದು ತಿಂಡಿಯ ಹೊತ್ತಿಗೇ ಗೊತ್ತಾಗುತ್ತಿತ್ತು.

ತೆರಿಗೆಯ ಲೆಕ್ಕವನ್ನೂ ಇಟ್ಟುಕೊಳ್ಳಿ

ಭಾವ ಈಗ ಮಧ್ಯಾಹ್ನ ಕೊಂಡು ರಾತ್ರಿ ಮಾರುವ ಉಮೇದಿನಲ್ಲಿದ್ದಾರೆ. 50,000 ರೂಪಾಯಿಗೆ ಕೊಂಡು 50,300ಕ್ಕೆ ಮಾರಿದರೆ 300 ಲಾಭ. ಅದರಲ್ಲಿ ಶೇ 30 ತೆರಿಗೆ, ಅಂದರೆ 90 ರೂಪಾಯಿ, ಮೇಲೆ ಸೆಸ್. ವಿನಿಮಯ ಕೇಂದ್ರದ ಶುಲ್ಕ ಬೇರೆ. ಮಾರಿದ ಮೊತ್ತದ ಮೇಲೆ ಶೇ 1ರ ಟಿಡಿಎಸ್ ಎಂದು 503 ರೂಪಾಯಿ ಮೊದಲೇ ಹಿಡಿದಿಡುತ್ತಾರೆ. ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ಅಲ್ಲಿಯವರೆಗೆ ಹಣ ಕೈಗೆ ಸಿಗದು. ಮರುದಿನ 300 ಕಳೆದುಕೊಂಡರೆ ಆ ನಷ್ಟವನ್ನು ಹಿಂದಿನ ದಿನದ ಲಾಭದಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ. ಇಷ್ಟನ್ನೂ ಚೀಟಿಯಲ್ಲಿ ಬರೆದು ತೋರಿಸಿದೆ. ಭಾವ ಅದನ್ನು ಎರಡು ಸಲ ಓದಿ, ಮಡಚಿ ಜೇಬಿಗೆ ಹಾಕಿಕೊಂಡು, "ಹಂಗಾದ್ರೆ ದಿನಾ ಮಾರೋದು ಬೇಡ, ಬರೀ ಬರ್ಕೊಳ್ತೀನಿ" ಎಂದರು.