ಕಣ್ಣೀರು ಬೇಡ, ಲೆಕ್ಕ ಹೇಳಿ: ಚಿಕ್ಕ ಟ್ರಸ್ಟ್‌ಗೆ ಒಂದು ನಿಮಿಷದ ದೇಣಿಗೆ ವಿಡಿಯೋ

ವಾಟ್ಸ್ಆ್ಯಪ್‌ನಲ್ಲಿ ಒಂದು ವಿಡಿಯೋ ಬಂತು. ಡಯಾಲಿಸಿಸ್ ಮಾಡಿಸಿಕೊಳ್ಳುವ ಹಿರಿಯರೊಬ್ಬರು ಮಂಚದ ಮೇಲೆ ಕೂತಿದ್ದಾರೆ. ಟ್ರಸ್ಟ್‌ನವರೊಬ್ಬರು ಅವರ ಬಾಯಿಗೆ ಎಳನೀರು ಹಿಡಿಯುತ್ತಾರೆ. ಹಿನ್ನೆಲೆಯಲ್ಲಿ ಅಳುವ ಕೊಳಲು. ಕೊನೆಯ ಎರಡು ಸೆಕೆಂಡು ಕ್ಯೂಆರ್ ಕೋಡ್. ಎಷ್ಟು ಹಣ ಬೇಕು, ಯಾವುದಕ್ಕೆ ಬೇಕು, ಒಂದೂ ಇಲ್ಲ. ಇನ್ನು ಆ ಎಳನೀರಿನ ವಿಷಯ: ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಕೈಕೊಟ್ಟವರಿಗೆ ಎಳನೀರು ಬೇಡ ಎಂದು ಡಾಕ್ಟರು ಹೇಳಿಯೇ ಕಳಿಸುತ್ತಾರೆ. ಸಹಾಯ ಮಾಡುತ್ತಿರುವವರಿಗೆ ಅಷ್ಟೂ ಗೊತ್ತಿಲ್ಲ ಎಂದು ವಿಡಿಯೋವೇ ಊರಿಗೆಲ್ಲ ಸಾರಿತು.

ಡಯಾಲಿಸಿಸ್‌ಗೆ ಹೋಗುವವರ ಓಡಾಟದ ಖರ್ಚು ನೋಡಿಕೊಳ್ಳುವ ಇನ್ನೊಂದು ಚಿಕ್ಕ ಟ್ರಸ್ಟ್‌ಗೆ ವಿಡಿಯೋ ಮಾಡಿಕೊಡಲು ನಾನು ಕೈಜೋಡಿಸಿದ್ದೆ. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಲೆಕ್ಕ, ಆಮೇಲೆ ಕ್ಯಾಮೆರಾ

ಎಲ್ಲರೂ ಎಡವುವುದು ಇಲ್ಲೇ. ಮೊದಲು ಶೂಟ್ ಮಾಡಿ, ಕೊನೆಗೆ "ನಿಮ್ಮ ಕೈಲಾದಷ್ಟು ಕೊಡಿ" ಎಂದು ಅಂಟಿಸುತ್ತಾರೆ. ಒಂದು ಹಾಳೆ ತಗೊಂಡು ಖಜಾಂಚಿಯವರ ಜೊತೆ ಕೂತುಕೊಳ್ಳಿ.

ನಮ್ಮ ಟ್ರಸ್ಟ್‌ನ ಪಟ್ಟಿಯಲ್ಲಿ 12 ಜನ. ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿಎಲ್ ಕಾರ್ಡಿನವರಿಗೆ ಡಯಾಲಿಸಿಸ್ ಉಚಿತ. ಆದರೆ ಆಸ್ಪತ್ರೆವರೆಗೆ ಹೋಗಬೇಕಲ್ಲ? ವಾರಕ್ಕೆ ಎರಡು ಸಲ ಅಂದರೆ ತಿಂಗಳಿಗೆ ಒಬ್ಬರಿಗೆ ಎಂಟು ಓಡಾಟ, 12 ಜನಕ್ಕೆ 96. ಬಸ್ಸಿಗೆ ಹೋಗಿ ಬರಲು 130, ಬಸ್‌ಸ್ಟ್ಯಾಂಡಿನಿಂದ ಆಟೋಗೆ ಎರಡೂ ಕಡೆ ಸೇರಿ 100, ಊಟಕ್ಕೆ 60. ಒಟ್ಟು 290. ಖಜಾಂಚಿಯವರು ಥಟ್ಟನೆ 96ರಿಂದ ಗುಣಿಸಿಬಿಟ್ಟರು.

ತಪ್ಪು. ಆ 12 ಜನರಲ್ಲಿ ಐದು ಮಂದಿ ಹೆಂಗಸರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಹಾಗೇ ಬಿಟ್ಟಿದ್ದರೆ ಮೊದಲ ಕಾಮೆಂಟೇ "ಹೆಂಗಸರಿಗೆ ಬಸ್ ಫ್ರೀ ಅಲ್ವಾ, ಈ ದುಡ್ಡು ಯಾರಿಗೆ?" ಎಂದು ಬರುತ್ತಿತ್ತು. ಕೇಳುವವರು ಕೇಳಲೇಬೇಕು.

ಸರಿ ಮಾಡಿದ ಲೆಕ್ಕ ಇದು. ಗಂಡಸರ 56 ಓಡಾಟಕ್ಕೆ ಬಸ್ 7,280. ಎಲ್ಲರ 96 ಓಡಾಟಕ್ಕೆ ಆಟೋ 9,600, ಊಟ 5,760. ಜೊತೆಗೆ ಫೋನು, ರಶೀದಿ ಪುಸ್ತಕ, ಲೆಕ್ಕ ಬರೆಯುವವರಿಗೆ ಕೊಡುವುದು ಸೇರಿ 1,360. ತಿಂಗಳಿಗೆ ಸರಿಯಾಗಿ 24,000. ಅದನ್ನು 96ರಿಂದ ಭಾಗಿಸಿದರೆ ಒಂದು ಓಡಾಟಕ್ಕೆ ಸರಾಸರಿ 250 ರೂಪಾಯಿ. ಈ 250 ಎನ್ನುವುದೇ ನಮ್ಮ ವಿಡಿಯೋದ ಜೀವ. ನೋಡುವವರು ತಮ್ಮ ಜೇಬಿನ ಜೊತೆ ತಾಳೆ ನೋಡಬಹುದಾದ ಸಂಖ್ಯೆ ಅದು. "ಸರಾಸರಿ" ಎಂಬ ಪದವನ್ನು ಮಾತ್ರ ನುಂಗಬೇಡಿ. ಒಬ್ಬರಿಗೆ ಜಾಸ್ತಿ, ಒಬ್ಬರಿಗೆ ಕಮ್ಮಿ ಆಗುತ್ತದೆ.

ಕಚೇರಿ ಖರ್ಚನ್ನು ಮುಚ್ಚಿಡಲು ಎಲ್ಲ ಟ್ರಸ್ಟ್‌ಗಳಿಗೂ ಆಸೆ. "ನಿಮ್ಮ ಪೂರ್ತಿ ಹಣ ರೋಗಿಗೇ" ಎಂದು ಬರೆಯುತ್ತಾರೆ. ರಶೀದಿ ಪುಸ್ತಕ ಆಕಾಶದಿಂದ ಬೀಳುತ್ತದೆಯೇ? 250ರಲ್ಲಿ 14 ರೂಪಾಯಿ ಕಚೇರಿಗೆ ಎಂದು ಬಾಯಿಬಿಟ್ಟು ಹೇಳಿದೆವು. ಒಬ್ಬರೂ ತಕರಾರು ಮಾಡಲಿಲ್ಲ.

ಒಪ್ಪಿಗೆ ಕೇಳುವ ಬಗೆ

ದುಡ್ಡು ಕೈಗೆ ಕೊಟ್ಟು, ಅದೇ ಗಳಿಗೆಯಲ್ಲಿ "ಒಂದು ವಿಡಿಯೋ ಮಾಡ್ಕೋಬಹುದಾ?" ಎಂದರೆ ಯಾರು ಬೇಡ ಅನ್ನುತ್ತಾರೆ? ಅದು ಒಪ್ಪಿಗೆಯಲ್ಲ, ದಾಕ್ಷಿಣ್ಯ. ಹಣ ಕೊಡದ ದಿನ, ಹಣ ಹಂಚದ ವ್ಯಕ್ತಿಯೇ ಹೋಗಿ ಕೇಳಬೇಕು. "ಬೇಡ ಅಂದ್ರೂ ಬಸ್ಸಿನ ದುಡ್ಡು ಬರೋದು ಬರುತ್ತೆ" ಎಂದು ಮೊದಲ ಮಾತಿನಲ್ಲೇ ಹೇಳಬೇಕು. ಯಾವ ಗುಂಪುಗಳಿಗೆ ಹೋಗುತ್ತದೆ, ಒಮ್ಮೆ ಹೋದ ಮೇಲೆ ವಾಪಸ್ ತರಲು ಆಗುವುದಿಲ್ಲ ಎನ್ನುವುದನ್ನೂ ಬಿಡಿಸಿ ಹೇಳಬೇಕು. ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿ, ಒಂದು ರಾತ್ರಿ ಅವರ ಹತ್ತಿರವೇ ಬಿಟ್ಟು ಬನ್ನಿ.

ಮೊದಲು ಲಾರಿ ಓಡಿಸುತ್ತಿದ್ದ ಒಬ್ಬರನ್ನು ಕೇಳಿದೆ. ಮಾರನೇ ದಿನ ಫೋನ್ ಮಾಡಿದರು. "ಸಾರ್, ಮಗಳಿಗೆ ಗಂಡು ನೋಡ್ತಾ ಇದೀವಿ. ಮುಖ ಬೇಡ. ದನಿ ಕೇಳಿದ್ರೂ ನಮ್ಮೂರೋರಿಗೆ ಗೊತ್ತಾಗಿಬಿಡುತ್ತೆ." ನನಗೆ ಅದು ಹೊಳೆದೇ ಇರಲಿಲ್ಲ. ಹಾಗಾಗಿ ಮುಖವೂ ಇಲ್ಲ, ದನಿಯೂ ಇಲ್ಲ. ಅವರ ಕಥೆಯನ್ನು ಟ್ರಸ್ಟ್‌ನ ಕಾರ್ಯದರ್ಶಿ ಹೇಳಿದರು.

ಮುಖ ಮಸುಕು ಮಾಡಿದರೆ ಸಾಕು ಅಂದುಕೊಳ್ಳಬೇಡಿ. ಮನೆ ಬಾಗಿಲು, ಬಸ್ಸಿನ ಬೋರ್ಡು, ಅಂಗಿಯ ಬಣ್ಣ, ಯಾವುದರಿಂದಲೂ ಗುರುತು ಸಿಗುತ್ತದೆ. ಹಾಗಾಗಿ ಎಡಿಟ್ ಮುಗಿದ ಮೇಲೆ ಮೊದಲ ಪ್ರದರ್ಶನ ಅವರಿಗೇ. ನಾವು ತೋರಿಸಿದಾಗ ಅವರು ಒಂದು ಜಾಗದಲ್ಲಿ ಬೆರಳಿಟ್ಟರು: "ಆ ಚೀಲ ತೆಗೀರಿ ಸಾರ್." ಕಾಲ ಬಳಿ ಇಟ್ಟಿದ್ದ ಚೀಲದ ಮೇಲೆ ಅವರೂರಿನ ಬಟ್ಟೆ ಅಂಗಡಿಯ ಹೆಸರಿತ್ತು. ಐದು ಸಲ ನೋಡಿದ್ದ ನನಗೆ ಕಂಡಿರಲಿಲ್ಲ.

ಮಕ್ಕಳ ಟ್ರಸ್ಟ್ ಆದರೆ ಇದು ಸಭ್ಯತೆಯ ಪ್ರಶ್ನೆ ಮಾತ್ರವಲ್ಲ. ಪೋಷಣೆ, ರಕ್ಷಣೆ ಬೇಕಿರುವ ಮಕ್ಕಳ ಗುರುತು ಬಯಲು ಮಾಡುವುದು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು.

ಶೂಟಿಂಗ್

ಫೋನ್ ನೆಟ್ಟಗೆ ಹಿಡಿಯಿರಿ, ಲೆನ್ಸ್ ಒರೆಸಿ, ಬೆಳಗಿನ ಬೆಳಕಿನಲ್ಲಿ ತೆಗೆಯಿರಿ. ಕ್ಯಾಮೆರಾ ಅವರ ಕಣ್ಣಿನ ಮಟ್ಟದಲ್ಲಿರಲಿ. ಕೂತವರನ್ನು ನಿಂತುಕೊಂಡು ತೆಗೆದರೆ ಯಾರೇ ಆದರೂ ಬೇಡುವವರ ಹಾಗೆ ಕಾಣುತ್ತಾರೆ.

ಡಯಾಲಿಸಿಸ್ ವಾರ್ಡಿನೊಳಗೆ ಹೋಗಬೇಡಿ. ಅಲ್ಲಿ ಒಪ್ಪಿಗೆ ಕೊಡದ ಬೇರೆ ರೋಗಿಗಳಿರುತ್ತಾರೆ, ಸೋಂಕಿನ ಭಯವೂ ಇದೆ. ತೋಳಿನ ಫಿಸ್ಟುಲಾ ಮೇಲಂತೂ ಝೂಮ್ ಮಾಡಲೇಬೇಡಿ. ಸೂಜಿ ಹಾಕುವ ಆ ಜಾಗ ಉಬ್ಬಿಕೊಂಡಿರುತ್ತದೆ. ಅದನ್ನು ಮುಚ್ಚಿಕೊಳ್ಳಲೆಂದೇ ಸೆಕೆಯಲ್ಲೂ ತುಂಬುತೋಳಿನ ಅಂಗಿ ಹಾಕುವವರಿದ್ದಾರೆ. ನಾವು ತೆಗೆದದ್ದು ಇಷ್ಟೇ: ಹಿಂದಿನಿಂದ ಕಾಣುವ ಬಸ್ಸಿನ ಸೀಟು, ಕೈಯಲ್ಲಿ ಟಿಕೆಟ್, ಆಟೋ ಮೀಟರು, ಊಟದ ತಟ್ಟೆ. ಹಣ ಎಲ್ಲಿಗೆ ಹೋಗುತ್ತದೋ ಅದೇ ಚಿತ್ರ.

"ಚಾರಿಟಿ ಟೆಂಪ್ಲೇಟ್" ಎಂದು ಆ್ಯಪ್‌ಗಳಲ್ಲಿ ಸಿಗುತ್ತವೆ. ಯಾವುದೋ ದೇಶದ ಮಕ್ಕಳು ಕೈ ಚಾಚಿರುವ ಚಿತ್ರ, ಮೇಲಿಂದ ಬೀಳುವ ನಾಣ್ಯಗಳು. ಮುಟ್ಟಬೇಡಿ.

ಮಾತು

ನಿಧಾನಕ್ಕೆ ಓದಿದರೆ ಒಂದು ನಿಮಿಷದೊಳಗೆ ಮುಗಿಯುವ ನಮ್ಮ ಸ್ಕ್ರಿಪ್ಟ್ ಇದು:

"ಇವರು ಲಾರಿ ಓಡಿಸುತ್ತಿದ್ದರು. ಈಗ ವಾರಕ್ಕೆ ಎರಡು ದಿನ ಡಯಾಲಿಸಿಸ್. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಅಲ್ಲಿಗೆ ಹೋಗಿ ಬರಲು ಖರ್ಚಿದೆ. ನಮ್ಮ ತಾಲ್ಲೂಕಿನ 12 ಜನ ಹೀಗೆ ಓಡಾಡುತ್ತಾರೆ. ಬಸ್ಸು, ಆಟೋ, ಊಟ ಸೇರಿ ಒಂದು ಸಲಕ್ಕೆ ಸರಾಸರಿ 250 ರೂಪಾಯಿ. ಅದರಲ್ಲಿ 14 ರೂಪಾಯಿ ನಮ್ಮ ಕಚೇರಿ ಖರ್ಚು. ಹೆಂಗಸರಿಗೆ ಬಸ್ ಉಚಿತ, ಅವರ ಟಿಕೆಟ್ ಇದರಲ್ಲಿ ಸೇರಿಲ್ಲ. ಆರು ತಿಂಗಳಿಗೆ 1,44,000 ಬೇಕು. 31,000 ಕೈಯಲ್ಲಿದೆ. ಉಳಿದ 1,13,000 ಡಿಸೆಂಬರ್ 31ರೊಳಗೆ ಸೇರಬೇಕು. ಜಾಸ್ತಿ ಬಂದರೆ ಇದೇ ಕೆಲಸಕ್ಕೆ ಮುಂದಿನ ತಿಂಗಳುಗಳಿಗೆ ಇಡುತ್ತೇವೆ. ಹಣ ಕಳಿಸುವ ಮುಂಚೆ ಟ್ರಸ್ಟ್‌ನ ಹೆಸರು ಬಂತಾ ನೋಡಿ. ಪ್ರತಿ ತಿಂಗಳು 5ರಂದು ಲೆಕ್ಕ ಇಲ್ಲೇ ಹಾಕುತ್ತೇವೆ."

ಕೈಯಲ್ಲಿರುವ 31,000 ಹೇಳಬೇಕಾ ಎಂದು ಟ್ರಸ್ಟಿಯೊಬ್ಬರು ಗೊಣಗಿದರು. ಹೇಳಲೇಬೇಕು. ಕೊನೆಯ ತಾರೀಕನ್ನು ವರ್ಷದ ಸಮೇತ ಪರದೆಯ ಮೇಲೆ ಹಾಕಿ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೋಗೆ ಸಾವಿಲ್ಲ. ರೋಗಿ ತೀರಿಕೊಂಡು ವರ್ಷಗಳಾದರೂ ಅವರ ಹೆಸರಲ್ಲಿ ಬೇಡುವ ವಿಡಿಯೋಗಳು ಇನ್ನೂ ಓಡಾಡುತ್ತಿವೆ.

ಅಕ್ಷರ ಹಾಕುವಾಗ ಒಂದು ಎಚ್ಚರ. ಕೆಲವು ಎಡಿಟಿಂಗ್ ಆ್ಯಪ್‌ಗಳು ಕನ್ನಡದ ಒತ್ತಕ್ಷರ ಒಡೆದು ಹಾಕುತ್ತವೆ. "ಆಸ್ಪತ್ರೆ", "ಖರ್ಚು", "ಟ್ರಸ್ಟ್" ಈ ಮೂರು ಪದ ಬರೆದು ನೋಡಿ. ಒಂದು ಒಡೆದರೂ ಬೇರೆ ಫಾಂಟ್ ಅಥವಾ ಬೇರೆ ಆ್ಯಪ್ ಹುಡುಕಿ. ಸಂಗೀತ ಹಾಕದೇ ಇರುವುದು ನನ್ನ ಇಷ್ಟ. ಬಸ್ಸಿನ ಸದ್ದೇ ಸಾಕು.

ಕ್ಯೂಆರ್ ಕೋಡ್

ಫೋನಿನಲ್ಲಿ ನೋಡುತ್ತಿರುವವರು ಅದೇ ಫೋನಿನಿಂದ ಆ ಕೋಡನ್ನು ಸ್ಕ್ಯಾನ್ ಮಾಡುವುದು ಹೇಗೆ? ಸ್ಕ್ರೀನ್‌ಶಾಟ್ ತೆಗೆಯಬೇಕು. ಹಾಗಾಗಿ ಕೋಡ್ ಅಲುಗಾಡದೆ ಐದಾರು ಸೆಕೆಂಡು ನಿಲ್ಲಬೇಕು. ಬಿಳಿ ಹಿನ್ನೆಲೆ, ಪರದೆಯ ನಡುಭಾಗ. ಕೆಳಗೆ ಮತ್ತು ಬಲಕ್ಕೆ ಇಟ್ಟರೆ ಲೈಕ್, ಶೇರ್ ಬಟನ್‌ಗಳು ಅದರ ಮೇಲೆ ಕೂರುತ್ತವೆ. ಯುಪಿಐ ಐಡಿಯನ್ನು ವಿವರಣೆಯಲ್ಲೂ ಬರೆಯಿರಿ, ನಕಲು ಮಾಡಿಕೊಳ್ಳಲಿ. ಹಾಕುವ ಮುಂಚೆ ವಾಟ್ಸ್ಆ್ಯಪ್‌ನಲ್ಲಿ ಒಮ್ಮೆ ಕಳಿಸಿಕೊಂಡು, ಕುಗ್ಗಿದ ಆ ಪ್ರತಿಯಿಂದಲೇ ಒಂದು ರೂಪಾಯಿ ಕಳಿಸಿ ನೋಡಿ.

ಖಾತೆ ಟ್ರಸ್ಟ್‌ನ ಹೆಸರಿನಲ್ಲೇ ಇರಬೇಕು. "ಸದ್ಯಕ್ಕೆ ಅಧ್ಯಕ್ಷರ ನಂಬರಿಗೆ ಹಾಕಿ" ಎನ್ನುವುದು ಬೇಡವೇ ಬೇಡ. ಕಳ್ಳರು ನಿಮ್ಮ ವಿಡಿಯೋಗೇ ತಮ್ಮ ಕೋಡ್ ಅಂಟಿಸಿ ಹಂಚಬಹುದು. ಆಗ ಹಣ ಕಳಿಸುವವರನ್ನು ಕಾಪಾಡುವುದು ಪರದೆಯ ಮೇಲೆ ಬರುವ ಆ ಹೆಸರು ಮಾತ್ರ.

ವಿಡಿಯೋ ಅಮೆರಿಕ, ದುಬೈನ ಕನ್ನಡಿಗರ ಗುಂಪಿಗೂ ಹೋಗುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ತೊಂದರೆ ಇಲ್ಲ. ಆ ದೇಶದ ಪೌರತ್ವ ಪಡೆದವರು, ಓಸಿಐ ಕಾರ್ಡ್ ಇದ್ದರೂ, ಕೊಡುವ ಹಣ ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆಗೆ ಕಡಿವಾಣ ಹಾಕುವ ಎಫ್‌ಸಿಆರ್‌ಎ ಕಾಯ್ದೆಯಡಿ ನೋಂದಣಿಯಾಗಲಿ ಮುಂಚಿತ ಅನುಮತಿಯಾಗಲಿ ಇಲ್ಲದ ಟ್ರಸ್ಟ್ ಅದನ್ನು ಮುಟ್ಟುವಂತಿಲ್ಲ. ವಿವರಣೆಯಲ್ಲಿ ಒಂದು ಸಾಲು ಬರೆದರೆ ಆಯಿತು.

5ನೇ ತಾರೀಕು

ಲೆಕ್ಕದ ವಿಡಿಯೋ ಮಾಡಲು ಹತ್ತು ನಿಮಿಷ ಸಾಕು. ಖರ್ಚಿನ ಪುಸ್ತಕದ ಪುಟದಲ್ಲಿ ರೋಗಿಗಳ ಹೆಸರಿನ ಕಾಲಂ ಮೇಲೆ ಬಿಳಿ ಹಾಳೆ ಮುಚ್ಚಿ, ಫೋಟೋ ತೆಗೆದು, ಕಾರ್ಯದರ್ಶಿ ಓದಿದರೆ ಮುಗಿಯಿತು. ನಮ್ಮಲ್ಲಿ ಎರಡನೇ ತಿಂಗಳು ಗಂಡಸರೊಬ್ಬರು ಮಗನ ಊರಿನ ಆಸ್ಪತ್ರೆಗೆ ಹೋಗಿಬಿಟ್ಟರು. "ಈ ತಿಂಗಳು 96 ಅಲ್ಲ, 88 ಓಡಾಟ. 2,320 ರೂಪಾಯಿ ಉಳಿದಿದೆ, ಮುಂದಿನ ತಿಂಗಳಿಗೆ ಸೇರಿಸಿದ್ದೇವೆ" ಎಂದು ಕಾರ್ಯದರ್ಶಿ ಓದಿದರು. ಆ ವಿಡಿಯೋ 19 ಸೆಕೆಂಡು.